ಮೊದಲು ಕೇಳ್ತೀನಿ, ಆಮೇಲೆ ಬದಲಾವಣೆ

ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಆಫೀಸಿಗೆ ಹೊಸ ಮ್ಯಾನೇಜರ್ ಬರುತ್ತಾರೆ ಎಂಬ ಮೇಲ್ ಬಂದಾಗೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ಮೇಲ್ ಬಂದ ಅರ್ಧ ಗಂಟೆಯಲ್ಲಿ ಯಾರೋ ಒಬ್ಬರು ಲಿಂಕ್ಡ್‌ಇನ್ ಜಾಲಾಡಿ ಅವರ ಜಾತಕ ತೆಗೆದಿರುತ್ತಾರೆ. ಹಳೆಯ ಕಂಪನಿಯಲ್ಲಿದ್ದ ಸ್ನೇಹಿತರಿಗೆ ಫೋನ್ ಹೋಗುತ್ತದೆ. ‘ಮನುಷ್ಯರು ಹೇಗೆ?’ ಎನ್ನುವುದು ಮೇಲಿನ ಪ್ರಶ್ನೆ. ‘ಬಂದವರು ಏನೇನು ಬದಲಾಯಿಸುತ್ತಾರೆ?’ ಎನ್ನುವುದು ಒಳಗಿನ ಭಯ.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್ ತಂಡದಲ್ಲಿದ್ದೇನೆ. ನಮ್ಮದು ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್. ರೋಗಿ ದಾಖಲಾದಾಗ ಕಟ್ಟುವ ಮುಂಗಡದ ರಸೀದಿಯಿಂದ ಹಿಡಿದು ಫಾರ್ಮಸಿ ಬಿಲ್, ಡಿಸ್ಚಾರ್ಜ್ ಬಿಲ್‌ವರೆಗೆ ಎಲ್ಲವೂ ಅದರಲ್ಲೇ ಆಗಬೇಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೌಂಟರಿನವರು ನಮಗೆ ಫೋನ್ ಮಾಡುತ್ತಾರೆ. ನಾವು ಒಂಬತ್ತು ಜನ, ಮೂರು ಪಾಳಿ: ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಿಗ್ಗೆ 6.

ಹಿಂದಿದ್ದ ಒಬ್ಬ ಮ್ಯಾನೇಜರ್ ಬಂದ ಮೂರನೇ ದಿನವೇ ದೂರುಗಳ ವರ್ಗೀಕರಣವನ್ನು ಬದಲಾಯಿಸಿದ್ದರು. ಪ್ರತಿ ದೂರಿಗೂ ಒಂದು ಟಿಕೆಟ್ ತೆರೆದು, ಅದು ಯಾವ ಬಗೆಯದೆಂದು ಪಟ್ಟಿಯಿಂದ ಆರಿಸಬೇಕು. ಮೊದಲು 14 ಬಗೆಗಳಿದ್ದವು, ಅವರು 40 ಮಾಡಿದರು. ಉದ್ದೇಶ ಚೆನ್ನಾಗಿಯೇ ಇತ್ತು, ಯಾವ ಸಮಸ್ಯೆ ಎಷ್ಟು ಸಲ ಬರುತ್ತದೆ ಎಂದು ನಿಖರವಾಗಿ ತಿಳಿಯಬೇಕಿತ್ತು. ಆದರೆ ಫೋನಿನಲ್ಲಿ ಆಸ್ಪತ್ರೆಯವರು ‘ಬೇಗ ಮಾಡಿ ಸರ್, ಇಲ್ಲಿ ಜನ ಜಗಳಕ್ಕೆ ನಿಂತಿದ್ದಾರೆ’ ಎನ್ನುವಾಗ 40ರ ಪಟ್ಟಿಯನ್ನು ಯಾರು ಓದುತ್ತಾರೆ? ಎಲ್ಲರ ಬೆರಳೂ ಕೊನೆಯಲ್ಲಿದ್ದ ‘ಇತರೆ’ಗೆ ಹೋಗತೊಡಗಿತು. ತಿಂಗಳ ವರದಿಯಲ್ಲಿ ಎಲ್ಲಕ್ಕಿಂತ ದೊಡ್ಡ ವರ್ಗ ‘ಇತರೆ’ಯೇ ಆಗಿತ್ತು. ಬದಲಾವಣೆ ಕೆಟ್ಟಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ: ಜನ ಎದುರು ಮಾತನಾಡುವುದಿಲ್ಲ, ಸುಮ್ಮನೆ ಪಕ್ಕದ ದಾರಿ ಹುಡುಕಿಕೊಳ್ಳುತ್ತಾರೆ.

ಹಾಗಾಗಿ ಕಳೆದ ವರ್ಷ ಮತ್ತೊಬ್ಬ ಹೊಸ ಮ್ಯಾನೇಜರ್ ಬಂದು, ಮೊದಲ ಸೋಮವಾರವೇ ತಂಡದ ಜತೆ ಮಾತನಾಡುತ್ತೇನೆ ಎಂದಾಗ ನಮಗೆ ಹುಮ್ಮಸ್ಸೇನೂ ಇರಲಿಲ್ಲ. ಆ ಮಾತು, ಅದರ ನಂತರದ ನಾಲ್ಕು ವಾರ ಹೇಗಿತ್ತು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಯಾರೂ ಹೇಳಿಕೊಡದ, ಆದರೆ ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷಕ್ಕೊಮ್ಮೆಯಾದರೂ ಎದುರಾಗುವ ವಿಷಯವಿದು.

ಒಂದೇ ಮಾತು, ಎರಡು ಸಲ

ಅವರು ಮಾಡಿದ ಮೊದಲ ಕೆಲಸವೇ ನಮಗೆ ಹೊಸದು. ಒಂದೇ ಮಾತನ್ನು ಎರಡು ಸಲ ಆಡಿದರು. ಮಧ್ಯಾಹ್ನ 2ಕ್ಕೆ, ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದ್ದು ಶುರುವಾಗುವ ಹೊತ್ತಿಗೆ ಒಮ್ಮೆ. ರಾತ್ರಿ 10ಕ್ಕೆ ಮತ್ತೊಮ್ಮೆ, ರಾತ್ರಿ ಪಾಳಿಯವರಿಗೆ. ರಾತ್ರಿಯವರನ್ನು ಹಗಲು ಕರೆಸಬಹುದಿತ್ತು. ವಿಡಿಯೊ ಕಾಲ್‌ನಲ್ಲಿ ಸೇರಿಕೊಳ್ಳಿ ಎನ್ನಬಹುದಿತ್ತು. ಆದರೆ ರಾತ್ರಿ ದುಡಿದವರಿಗೆ ಮಧ್ಯಾಹ್ನ 2 ಗಂಟೆ ಎಂದರೆ ನಮಗೆ ನಡುರಾತ್ರಿ ಇದ್ದಂತೆ. ನಮ್ಮ ತಂಡದಲ್ಲಿ ಎಂಟು ವರ್ಷದಿಂದ ತಾವೇ ಬಯಸಿ ಖಾಯಂ ರಾತ್ರಿ ಪಾಳಿ ಮಾಡುವ ಹಿರಿಯರೊಬ್ಬರಿದ್ದಾರೆ. ‘ಮ್ಯಾನೇಜರ್ ಒಬ್ಬರು ನನ್ನ ಪಾಳಿಗೆ ಬಂದು ಮಾತಾಡಿದ್ದು ಇದೇ ಮೊದಲು’ ಎಂದು ಅವರು ಮರುದಿನ ಗ್ರೂಪ್‌ನಲ್ಲಿ ಬರೆದಿದ್ದರು.

ಮಾತು 20 ನಿಮಿಷ. ಪಿಪಿಟಿ ಇರಲಿಲ್ಲ, ಕೈಯಲ್ಲಿ ಒಂದೇ ಒಂದು ಹಾಳೆ. ಕನ್ನಡದಲ್ಲಿ ಶುರು ಮಾಡಿ, ಕೇರಳದ ಇಬ್ಬರು ಸಹೋದ್ಯೋಗಿಗಳಿಗಾಗಿ ನಡುನಡುವೆ ಇಂಗ್ಲಿಷ್‌ಗೆ ಹೊರಳುತ್ತಿದ್ದರು. ತಮ್ಮ ಬಗ್ಗೆ ಹೇಳಿಕೊಂಡಿದ್ದು ಎರಡು ನಿಮಿಷ. ಆಮೇಲೆ ಹಾಳೆಯಲ್ಲಿದ್ದ ಮೂರು ಭಾಗಗಳನ್ನು ಒಂದೊಂದಾಗಿ ಓದಿದರು: ಇವತ್ತಿನಿಂದ ನಾನು ನಿಮ್ಮಿಂದ ಬಯಸುವುದು, ನಾಲ್ಕು ವಾರ ನಾನು ಮುಟ್ಟದೇ ಇರುವುದು, ನನ್ನ ಕೈಯಲ್ಲಿ ಇಲ್ಲದೇ ಇರುವುದು.

ಮೊದಲನೆಯದು ನಿರೀಕ್ಷೆಗಳು. ‘ಜವಾಬ್ದಾರಿಯಿಂದ ಕೆಲಸ ಮಾಡಿ, ಒಂದು ಕುಟುಂಬದಂತೆ ಇರೋಣ’ ಎಂಬ ಮಾತು ಬರುತ್ತದೆ ಎಂದು ಕಾಯುತ್ತಿದ್ದೆವು, ಬರಲಿಲ್ಲ. ಮೂರೇ ಮೂರು ಹೇಳಿದರು. ಒಂದು, ಯಾವುದಾದರೂ ಆಸ್ಪತ್ರೆಯ ಬಿಲ್ಲಿಂಗ್ ಪೂರ್ತಿ ನಿಂತರೆ 15 ನಿಮಿಷದೊಳಗೆ ನನಗೆ ಫೋನ್ ಮಾಡಬೇಕು. ಮೆಸೇಜ್ ಅಲ್ಲ, ಫೋನ್. ರಾತ್ರಿ 3 ಆದರೂ ಸರಿ. ಎರಡು, ಪಾಳಿ ಮುಗಿಸಿ ಹೋಗುವಾಗ ಬಾಕಿ ಕೆಲಸದ ಟಿಪ್ಪಣಿ ಹೇಗಿರಬೇಕೆಂದರೆ, ಮುಂದಿನವರು ಅದನ್ನು ಓದಿ ನಿಮಗೆ ಫೋನ್ ಮಾಡದೆಯೇ ಕೆಲಸ ಮುಂದುವರಿಸುವಂತಿರಬೇಕು. ಮೂರು, ಗೊತ್ತಿರುವ ರಜೆಯನ್ನು ಒಂದು ವಾರ ಮೊದಲು ಹೇಳಿ. ಹುಷಾರಿಲ್ಲದಿದ್ದರೆ ಪಾಳಿಗೆ ಮೊದಲು ಒಂದು ಮೆಸೇಜ್ ಸಾಕು, ಮಾತ್ರೆಯ ಫೋಟೊ ಬೇಡ.

ಮಾತ್ರೆಯ ಫೋಟೊ ಎಂದಾಗ ಎಲ್ಲರೂ ನಕ್ಕೆವು. ಹಿಂದೆ ನಿಜವಾಗಿಯೂ ಕಳಿಸಬೇಕಿತ್ತು.

ಈ ಮೂರಕ್ಕೂ ಒಂದು ಸಮಾನ ಗುಣವಿದೆ. ಪ್ರತಿಯೊಂದೂ ನಡೆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಿ ಹೇಳಬಹುದು. 15 ನಿಮಿಷದಲ್ಲಿ ಫೋನ್ ಹೋಯಿತೇ, ಇಲ್ಲವೇ? ಮುಂದಿನ ಪಾಳಿಯವರು ಫೋನ್ ಮಾಡಬೇಕಾಯಿತೇ, ಇಲ್ಲವೇ? ‘ಜವಾಬ್ದಾರಿಯಿಂದ ಇರಿ’ ಎನ್ನುವುದನ್ನು ಹಾಗೆ ಅಳೆಯಲಾಗದು. ಅಳೆಯಲಾಗದ ನಿರೀಕ್ಷೆ ವರ್ಷದ ಕೊನೆಯಲ್ಲಿ, ಅಪ್ರೈಸಲ್ ಹೊತ್ತಿಗೆ, ಮ್ಯಾನೇಜರ್‌ಗೆ ಬೇಕಾದ ಆಕಾರ ಪಡೆಯುತ್ತದೆ.

ತಾರೀಖು ಇರುವ ಮಾತು

ಎರಡನೆಯ ಭಾಗವನ್ನು ಓದುವ ಮೊದಲು ಅವರು ಕ್ಯಾಲೆಂಡರ್ ನೋಡಿದರು. ‘ಮುಂದಿನ ನಾಲ್ಕು ವಾರ ಪಾಳಿ ಪಟ್ಟಿ, ಟಿಕೆಟ್ ವರ್ಗಗಳು, ನೀವು ಇಟ್ಟುಕೊಂಡಿರುವ ಪುಸ್ತಕ, ಪಟ್ಟಿ ಯಾವುದನ್ನೂ ಬದಲಾಯಿಸಲ್ಲ. ಐದನೇ ಸೋಮವಾರ ಇದೇ ಎರಡು ಹೊತ್ತಿನಲ್ಲಿ ಮತ್ತೆ ಸೇರೋಣ. ಏನು ಬದಲಾಗುತ್ತೆ, ಏನು ಬದಲಾಗಲ್ಲ, ಯಾಕೆ ಅಂತ ಅವತ್ತು ಹೇಳ್ತೀನಿ’ ಎಂದರು. ಕೂಡಲೇ ಇನ್ನೊಂದು ಮಾತು ಸೇರಿಸಿದರು: ‘ಕೇಳ್ತೀನಿ ಅಂದ್ರೆ ಒಪ್ತೀನಿ ಅಂತ ಅಲ್ಲ.’

ಮೊದಲು ಕೇಳುತ್ತೇನೆ ಎನ್ನುವ ಮ್ಯಾನೇಜರ್‌ಗಳು ಅಪರೂಪವೇನಲ್ಲ. ಮ್ಯಾನೇಜ್‌ಮೆಂಟ್ ಓದುವವರ ಕಪಾಟಿನಲ್ಲಿ ಇರುವ ಮೈಕೆಲ್ ವಾಟ್ಕಿನ್ಸ್ ಅವರ ‘ದಿ ಫಸ್ಟ್ 90 ಡೇಸ್’ 2003ರಲ್ಲೇ ಬಂದಿದೆ. ಹೊಸ ಹುದ್ದೆಯ ಮೊದಲ ಮೂರು ತಿಂಗಳನ್ನು ಹೇಗೆ ಬಳಸಬೇಕು ಎನ್ನುವುದೇ ಅದರ ವಿಷಯ. ಅಪರೂಪವಾಗಿರುವುದು ತಾರೀಖು. ತಾರೀಖು ಇಲ್ಲದ ‘ಕೇಳ್ತೀನಿ’ ಎರಡು ರೀತಿ ಕೆಡುತ್ತದೆ. ಕೆಲವರಲ್ಲಿ ಅದು ಎರಡನೇ ವಾರಕ್ಕೇ ಮುಗಿದು ಹೋಗುತ್ತದೆ, ಮೇಲಿನಿಂದ ಒತ್ತಡ ಬಂದ ತಕ್ಷಣ ಬದಲಾವಣೆ ಶುರು. ಇನ್ನು ಕೆಲವರಲ್ಲಿ ಅದು ಮುಗಿಯುವುದೇ ಇಲ್ಲ. ಆರು ತಿಂಗಳಾದರೂ ‘ಇನ್ನೂ ಅರ್ಥ ಮಾಡ್ಕೊಳ್ತಿದ್ದೀನಿ’ ಎನ್ನುತ್ತಾರೆ. ಎರಡನೆಯದು ಸೌಮ್ಯವಾಗಿ ಕಾಣುತ್ತದೆ, ಆದರೆ ತೊಂದರೆಯಲ್ಲಿರುವವರಿಗೆ ಎರಡೂ ಒಂದೇ.

ಮಾತಿಗೆ ಅಪವಾದಗಳನ್ನೂ ಅವತ್ತೇ ಹೇಳಿದರು. ರೋಗಿಯ ಮಾಹಿತಿ ಸೋರುವಂತಿದ್ದರೆ, ತಂಡದ ಯಾರದಾದರೂ ಸುರಕ್ಷತೆಗೆ ತೊಂದರೆ ಇದ್ದರೆ, ಕಾನೂನು ಮೀರುವಂತಿದ್ದರೆ ನಾಲ್ಕು ವಾರ ಕಾಯುವುದಿಲ್ಲ ಎಂದರು. ಬುಧವಾರವೇ ಅದರ ಪರೀಕ್ಷೆ ಬಂತು. ಆಸ್ಪತ್ರೆಗಳ ಕಂಪ್ಯೂಟರಿಗೆ ದೂರದಿಂದ ಸೇರಿಕೊಳ್ಳಲು ನಾವೆಲ್ಲ ಒಂದೇ ಲಾಗಿನ್ ಬಳಸುತ್ತಿದ್ದೆವು. ಅದರ ಪಾಸ್‌ವರ್ಡ್ ಒಂದು ಹಳದಿ ಚೀಟಿಯಲ್ಲಿ ಮಾನಿಟರ್‌ಗೆ ಅಂಟಿಕೊಂಡಿತ್ತು. ಅದನ್ನು ನೋಡಿದ ದಿನವೇ ಅವರು ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡುವಂತೆ ಐಟಿ ವಿಭಾಗಕ್ಕೆ ಬರೆದರು. ಶುಕ್ರವಾರದ ಹೊತ್ತಿಗೆ ಚೀಟಿ ಹೋಯಿತು. ಜತೆಗೆ ತಂಡಕ್ಕೆ ಎರಡು ಸಾಲು ಬರೆದರು: ಇದು ಸೋಮವಾರ ಹೇಳಿದ ಮೊದಲ ಅಪವಾದದಲ್ಲಿ ಬರುತ್ತದೆ. ಒಂದೇ ಲಾಗಿನ್ ಇದ್ದರೆ ರೋಗಿಯ ದಾಖಲೆಯನ್ನು ತೆರೆದವರು ಯಾರೆಂದು ತಿಳಿಯುವುದಿಲ್ಲ, ತಪ್ಪು ಮಾಡದವರ ಮೇಲೂ ಅನುಮಾನ ಬರುತ್ತದೆ.

ಅಪವಾದಗಳನ್ನು ಸೋಮವಾರ ಹೇಳದೇ ಇದ್ದಿದ್ದರೆ, ‘ನೋಡಿದ್ರಾ, ಮೂರೇ ದಿನಕ್ಕೆ ಶುರು ಹಚ್ಕೊಂಡ್ರು’ ಎಂಬ ಮಾತು ಶುಕ್ರವಾರದ ಕ್ಯಾಂಟೀನ್‌ನಲ್ಲಿ ಖಂಡಿತ ಹರಿದಾಡುತ್ತಿತ್ತು.

ಕೊಡಲಾಗದ ಭರವಸೆ

ಮೂರನೆಯ ಭಾಗ ಬಂದಾಗ ಕೊಠಡಿ ಬಿಗಿಯಾಯಿತು. ಸಂಬಳ ಏರಿಕೆಯ ಶೇಕಡಾವಾರು, ತಂಡದ ಸಂಖ್ಯೆ, ಆಫೀಸ್ ಸ್ಥಳಾಂತರ ಈ ಮೂರು ತಮ್ಮ ಕೈಯಲ್ಲಿಲ್ಲ ಎಂದರು. ಆಗ ನಮ್ಮಲ್ಲೊಬ್ಬಳು ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿಯೇ ಬಿಟ್ಟಳು: ‘ಮೇಡಂ, ಜನ ಕಡಿಮೆ ಮಾಡೋಕೆ ನಿಮ್ಮನ್ನ ಕಳಿಸಿದ್ದಾರಾ?’ ಹಿಂದಿನ ತಿಂಗಳಷ್ಟೇ ಗೃಹಸಾಲಕ್ಕೆ ಸಹಿ ಹಾಕಿದ್ದವಳು ಅವಳು.

ಉತ್ತರ ಕೊಡಲು ಅವರು ಸ್ವಲ್ಪ ಹೊತ್ತು ತೆಗೆದುಕೊಂಡರು. ‘ಯಾರನ್ನೂ ತೆಗೆಯಲ್ಲ ಅಂತ ಮಾತು ಕೊಡೋ ಅಧಿಕಾರ ನನಗಿಲ್ಲ. ಹಾಗಾಗಿ ಕೊಡಲ್ಲ. ತೆಗೆಯೋರ ಪಟ್ಟಿ ಹಿಡ್ಕೊಂಡು ನಾನು ಬಂದಿಲ್ಲ. ಇಷ್ಟು ಮಾತ್ರ ಇವತ್ತು ನಿಜವಾಗಿ ಹೇಳಬಲ್ಲೆ.’

ಸಮಾಧಾನ ಆಯಿತೇ? ಪೂರ್ತಿ ಆಗಲಿಲ್ಲ. ಆ ಗೆಳತಿ ಅವತ್ತು ಊಟವನ್ನೇ ಮಾಡಲಿಲ್ಲ. ಆದರೆ ಈ ಉತ್ತರದ ಬೆಲೆ ತಿಳಿಯಬೇಕಾದರೆ ಅದಕ್ಕೆ ಬದಲಾಗಿ ಬರಬಹುದಾಗಿದ್ದ ಉತ್ತರವನ್ನು ಯೋಚಿಸಿ. ‘ಏನೂ ಯೋಚನೆ ಮಾಡ್ಬೇಡಿ, ನಾನಿದ್ದೀನಿ’ ಎಂದಿದ್ದರೆ ಆ ದಿನ ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆವು. ಮುಂದೆ ಎಂದಾದರೂ ಮೇಲಿನವರು ಒಬ್ಬರನ್ನು ತೆಗೆದರೂ ಸಾಕು, ಪಾಳಿಯ ಬಗ್ಗೆ, ರಜೆಯ ಬಗ್ಗೆ ಅವರು ಕೊಟ್ಟ ಉಳಿದೆಲ್ಲ ಮಾತುಗಳೂ ಅದರ ಜತೆಗೇ ಬಿದ್ದುಹೋಗುತ್ತಿದ್ದವು.

ಅರ್ಧ ಗಂಟೆ, ನಾಲ್ಕು ಪ್ರಶ್ನೆ

ಮಾತು ಮುಗಿದ ಮೇಲೆ ಕೇಳುವ ಕೆಲಸ ಶುರುವಾಯಿತು. ಎರಡು ವಾರದಲ್ಲಿ ಒಂಬತ್ತು ಜನರ ಜತೆ ತಲಾ 30 ನಿಮಿಷ, ಒಟ್ಟು ನಾಲ್ಕೂವರೆ ಗಂಟೆ. ರಾತ್ರಿಯವರ ಜತೆ ರಾತ್ರಿಯೇ ಕುಳಿತರು. ಎಲ್ಲರಿಗೂ ಅದೇ ನಾಲ್ಕು ಪ್ರಶ್ನೆ, ಅವನ್ನು ಹಿಂದಿನ ದಿನವೇ ಕಳಿಸಿರುತ್ತಿದ್ದರು:

ನಾನು ಮುಟ್ಟಲೇಬಾರದು ಎನ್ನುವಂಥದ್ದು ಯಾವುದು? ದಿನಾ ನಿಮ್ಮ ಸಮಯ ಎಲ್ಲಿ ಪೋಲಾಗುತ್ತಿದೆ? ನೀವು ಮಾಡುವ, ಬೇರೆ ಯಾರಿಗೂ ಗೊತ್ತಿರದ ಕೆಲಸ ಯಾವುದು? ನನ್ನ ಜಾಗದಲ್ಲಿ ನೀವಿದ್ದರೆ ಮೊದಲು ಏನು ಮಾಡುತ್ತೀರಿ?

ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರೆ ಒಂದು ಅನುಕೂಲವಿದೆ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಇಲ್ಲದಿದ್ದರೆ ಜೋರಾಗಿ, ಚೆನ್ನಾಗಿ ಮಾತನಾಡುವವರ ಸಮಸ್ಯೆಯೇ ತಂಡದ ಸಮಸ್ಯೆಯಾಗಿ ಕಾಣುತ್ತದೆ. ಪ್ರಶ್ನೆಗಳಲ್ಲಿ ಯಾವುದೂ ‘ಯಾರು ಸರಿಯಿಲ್ಲ?’ ಎಂದು ಕೇಳುವುದಿಲ್ಲ ಎನ್ನುವುದನ್ನೂ ಗಮನಿಸಿ. ಎಲ್ಲವೂ ಕೆಲಸದ ಬಗ್ಗೆ.

ಅವರು ಲ್ಯಾಪ್‌ಟಾಪ್ ತೆರೆಯದೆ ಪುಸ್ತಕದಲ್ಲಿ ಬರೆದುಕೊಂಡರು. ಕೊನೆಯ ಐದು ನಿಮಿಷ ಅದನ್ನು ನನಗೇ ಓದಿ ಹೇಳಿ, ‘ನೀವು ಹೇಳಿದ್ದು ಇದೇ ತಾನೆ?’ ಎಂದರು. ಎರಡು ಕಡೆ ತಿದ್ದಿದೆ. ಆಮೇಲೆ, ‘ಇದರಲ್ಲಿ ಯಾವುದನ್ನು ನಿಮ್ಮ ಹೆಸರು ಹೇಳಿ ಬೇರೆಯವರ ಮುಂದೆ ಮಾತಾಡಬಹುದು, ಯಾವುದನ್ನು ಬಾರದು?’ ಎಂದು ಕೇಳಿ, ಬಾರದು ಎಂದಿದ್ದರ ಪಕ್ಕ ಗೆರೆ ಎಳೆದುಕೊಂಡರು.

ಇಷ್ಟಾದರೂ ಇದಕ್ಕೊಂದು ಮಿತಿ ಇದೆ. ವರ್ಷದ ಕೊನೆಯಲ್ಲಿ ನನಗೆ ಅಂಕ ಕೊಡುವವರೂ ಇವರೇ. ಮೊದಲ ಭೇಟಿಯಲ್ಲಿ ಯಾರೂ ಮನಸ್ಸು ಬಿಚ್ಚಿ ಪೂರ್ತಿ ಹೇಳುವುದಿಲ್ಲ. ಅದು ಅವರಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಎರಡನೇ, ಮೂರನೇ ವಾರದಲ್ಲಿ ಅವರು ಪ್ರತಿ ಪಾಳಿಯಲ್ಲೂ ಎರಡೆರಡು ದಿನ ನಮ್ಮ ಪಕ್ಕ ಕುರ್ಚಿ ಹಾಕಿಕೊಂಡು, ಇನ್ನೊಂದು ಹೆಡ್‌ಫೋನ್ ಹಾಕಿ, ಕರೆಗಳನ್ನು ಕೇಳಿಸಿಕೊಂಡರು. ಜನ ಬಾಯಲ್ಲಿ ಹೇಳುವುದಕ್ಕೂ ಕೈಯಲ್ಲಿ ಮಾಡುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ. ನಾನು ಹೇಳಬೇಕೆಂದಿರುವ ಮುಖ್ಯ ಕತೆ ಹೊರಬಿದ್ದಿದ್ದೂ ಅಲ್ಲಿಯೇ.

ಲಾಂಗ್ ಬುಕ್ಕಿನ ಗುಟ್ಟು

ನಮ್ಮ ರಾತ್ರಿ ಪಾಳಿಯ ಮೇಜಿನ ಮೇಲೆ 200 ಪುಟದ ಒಂದು ಲಾಂಗ್ ಬುಕ್ ಇರುತ್ತದೆ. ಬಂದ ಪ್ರತಿ ಕರೆಯನ್ನೂ ಕಂಪ್ಯೂಟರಿನಲ್ಲಿ ಟಿಕೆಟ್ ಮಾಡಿದ ಮೇಲೆ ಅದರಲ್ಲೂ ಬರೆಯಬೇಕು. ರಾತ್ರಿಗೆ ಸುಮಾರು 15 ಕರೆ, ಒಂದಕ್ಕೆ ಮೂರು ನಿಮಿಷ ಎಂದರೂ 45 ನಿಮಿಷ ಬರೆಯುವುದಕ್ಕೇ ಹೋಯಿತು. ‘ಸಮಯ ಎಲ್ಲಿ ಪೋಲಾಗುತ್ತಿದೆ?’ ಎಂಬ ಪ್ರಶ್ನೆಗೆ ಒಂಬತ್ತರಲ್ಲಿ ಐವರು ಹೇಳಿದ್ದು ಈ ಪುಸ್ತಕದ ಹೆಸರನ್ನೇ. ಹೊಸ ಮ್ಯಾನೇಜರ್‌ಗೆ ಇದಕ್ಕಿಂತ ಸುಲಭದ ಗೆಲುವು ಬೇಕೇ? ಮೊದಲ ವಾರದಲ್ಲೇ ‘ಇನ್ನು ಮುಂದೆ ಪುಸ್ತಕ ಬೇಡ’ ಎಂದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಕಾಗದ ಉಳಿಸಿದೆವು ಎಂದು ಮೇಲಿನವರಿಗೂ ತೋರಿಸಬಹುದಿತ್ತು.

ಅವರು ಮುಟ್ಟಲಿಲ್ಲ. ಖಾಯಂ ರಾತ್ರಿ ಪಾಳಿಯ ಆ ಹಿರಿಯರ ಪಕ್ಕ ಒಂದು ರಾತ್ರಿ ಕುಳಿತರು. ಆ ವಾರ ನನ್ನದೂ ರಾತ್ರಿ ಪಾಳಿ, ಹಾಗಾಗಿ ಇದನ್ನು ನಾನು ಕಣ್ಣಾರೆ ಕಂಡೆ.

ರಾತ್ರಿ ಸುಮಾರು 2 ಗಂಟೆಗೆ ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯ ಫಾರ್ಮಸಿ ಕೌಂಟರಿನಿಂದ ಫೋನ್ ಬಂತು. ತುರ್ತು ವಿಭಾಗದಲ್ಲಿ ರೋಗಿ ದಾಖಲಾಗಿದ್ದಾರೆ, ಬಿಲ್ ಆಗುತ್ತಿಲ್ಲ, ಸದ್ಯ ಚೀಟಿ ಬರೆದು ಔಷಧ ಕೊಟ್ಟಿದ್ದೇವೆ, ಆದರೆ ಹೀಗೆಷ್ಟು ಹೊತ್ತು ನಡೆಸುವುದು ಎಂದು ಆ ಕಡೆಯ ಹುಡುಗ ಕೇಳುತ್ತಿದ್ದ. ಹಿರಿಯರು ಸಮಸ್ಯೆ ನೋಡಿದರು, ಸರಿಪಡಿಸಲು ಅರ್ಧ ಗಂಟೆ ಬೇಕಿತ್ತು. ‘ತಮ್ಮಾ, ಆದ ಕೂಡಲೇ ನಾನೇ ಫೋನ್ ಮಾಡ್ತೀನಿ’ ಎಂದು ಹೇಳಿ ಇಟ್ಟರು. ಕಂಪ್ಯೂಟರಿನಲ್ಲಿ ಟಿಕೆಟ್ ತೆರೆದರು. ಆಮೇಲೆ ಪುಸ್ತಕ ಎಳೆದುಕೊಂಡು ಆ ಹುಡುಗನ ಹೆಸರು, ಯಾವ ಕೌಂಟರ್, ಅವನ ಮೊಬೈಲ್ ನಂಬರ್ ಬರೆದರು.

ಮೇಡಂ ಕೇಳಿದರು, ‘ಸರ್, ಈ ನಂಬರ್‌ನ ಟಿಕೆಟ್‌ನಲ್ಲೇ ಯಾಕೆ ಹಾಕಲ್ಲ?’

‘ಹಾಕೋಕೆ ಜಾಗ ಎಲ್ಲಿದೆ, ತೋರಿಸಿ’ ಎಂದರು ಹಿರಿಯರು.

ಸ್ಕ್ರೀನ್ ತೋರಿಸಿದರು. ಟಿಕೆಟ್ ತೆರೆಯಲು ಮೊದಲೇ ನೋಂದಾಯಿಸಿದ ವ್ಯಕ್ತಿಯ ಹೆಸರು ಬೇಕು. ಪ್ರತಿ ಆಸ್ಪತ್ರೆಯಿಂದ ನೋಂದಣಿಯಾಗಿರುವುದು ಒಬ್ಬರು ಅಥವಾ ಇಬ್ಬರು ಆಡಳಿತಾಧಿಕಾರಿಗಳು. ಹಗಲು ಫೋನ್ ಮಾಡುವವರು ಅವರೇ, ಹಾಗಾಗಿ ಹಗಲಿನ ಪಾಳಿಯವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ರಾತ್ರಿ ಫೋನ್ ಮಾಡುವುದು ಕೌಂಟರಿನ ಹುಡುಗ ಹುಡುಗಿಯರು, ತಮ್ಮ ಸ್ವಂತ ಮೊಬೈಲ್‌ನಿಂದ. ಟಿಕೆಟ್ ಮಾತ್ರ ಅಧಿಕಾರಿಯ ಹೆಸರಿನಲ್ಲೇ ತೆರೆದುಕೊಳ್ಳುತ್ತದೆ. ಸಮಸ್ಯೆ ಬಗೆಹರಿದಾಗ ಸಂದೇಶ ಹೋಗುವುದೂ ಅವರ ಫೋನಿಗೇ. ಅವರು ಮನೆಯಲ್ಲಿ ಮಲಗಿರುತ್ತಾರೆ, ಕೌಂಟರಿನ ಹುಡುಗ ಕಾಯುತ್ತಲೇ ಇರುತ್ತಾನೆ.

ಎಂದರೆ, ಸಾಫ್ಟ್‌ವೇರ್‌ನಲ್ಲಿ ಇಲ್ಲದ ಒಂದು ಕಾಲಂನ ಕೆಲಸವನ್ನು ಲಾಂಗ್ ಬುಕ್ ಮಾಡುತ್ತಿತ್ತು. ಇನ್ನೊಂದು ಕಾರಣವೂ ಇತ್ತು. ಕೆಲವು ಭಾನುವಾರ ರಾತ್ರಿ 2ರಿಂದ 4ರವರೆಗೆ ಟಿಕೆಟ್ ವ್ಯವಸ್ಥೆಯನ್ನು ನಿರ್ವಹಣೆಗಾಗಿ ನಿಲ್ಲಿಸುತ್ತಾರೆ. ಆಗ ಪುಸ್ತಕವೊಂದೇ ಗತಿ.

ಪುಸ್ತಕ ಬೇಡ ಎಂದ ಐವರೂ ಸುಳ್ಳು ಹೇಳಿರಲಿಲ್ಲ. ಅವರಿಗೆ ಕಂಡಿದ್ದು 45 ನಿಮಿಷದ ದಂಡ. ಪುಸ್ತಕದಿಂದಾಗಿ ನಡೆಯುತ್ತಿದ್ದ ಕೆಲಸ ನಡೆಯುತ್ತಲೇ ಇದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಂಗ್ಲಿಷ್ ಲೇಖಕ ಜಿ.ಕೆ. ಚೆಸ್ಟರ್ಟನ್ 1929ರ ತಮ್ಮ ‘ದಿ ಥಿಂಗ್’ ಪುಸ್ತಕದಲ್ಲಿ ರಸ್ತೆಗೆ ಅಡ್ಡಲಾಗಿ ಹಾಕಿದ ಬೇಲಿಯ ಉದಾಹರಣೆ ಕೊಡುತ್ತಾರೆ. ಅವರ ವಾದ ಇಷ್ಟು: ಬೇಲಿ ಯಾಕಿದೆಯೋ ಗೊತ್ತಿಲ್ಲ, ಕೀಳೋಣ ಎನ್ನುವವನಿಗೆ ಕೀಳಲು ಬಿಡಬಾರದು, ಯಾಕಿದೆ ಎಂದು ತಿಳಿದುಕೊಂಡು ಬಂದ ಮೇಲೆ ಬೇಕಾದರೆ ಬಿಡಬಹುದು. ಈ ವಾದದ ಎರಡನೇ ಭಾಗವನ್ನು ಹಲವರು ಮರೆಯುತ್ತಾರೆ. ಕಾರಣ ಗೊತ್ತಾದ ಮೇಲೆ ಬೇಲಿ ಹಾಗೇ ಇರಬೇಕು ಎಂದೇನಿಲ್ಲ.

ಐದನೇ ಸೋಮವಾರ

ಹೇಳಿದ ದಿನವೇ, ಹೇಳಿದ ಎರಡು ಹೊತ್ತಿನಲ್ಲೇ ಮತ್ತೆ ಸೇರಿದೆವು. ಈ ಸಲವೂ ಒಂದೇ ಹಾಳೆ. ಮೊದಲು ಕೇಳಿಸಿಕೊಂಡಿದ್ದನ್ನು ಓದಿದರು, ಆಮೇಲೆ ತೀರ್ಮಾನಗಳನ್ನು.

ಪುಸ್ತಕದ ಬಗ್ಗೆ: ಟಿಕೆಟ್‌ನಲ್ಲಿ ‘ಮರಳಿ ಕರೆ ಮಾಡಬೇಕಾದ ಹೆಸರು, ನಂಬರ್’ ಎಂಬ ಹೊಸ ಕಾಲಂ ಬರುತ್ತದೆ. ಬಂದ ಮೇಲೆ ಎರಡು ವಾರ ಪುಸ್ತಕ, ಕಾಲಂ ಎರಡೂ ಇರುತ್ತವೆ. ಪ್ರತಿ ಬೆಳಿಗ್ಗೆ ಎರಡನ್ನೂ ತಾಳೆ ನೋಡಬೇಕು. ಪುಸ್ತಕದಲ್ಲಿರುವ ನಂಬರುಗಳೆಲ್ಲ ಟಿಕೆಟ್‌ನಲ್ಲೂ ಇವೆ ಎಂದು ಖಾತ್ರಿಯಾದ ಮೇಲಷ್ಟೇ ಪುಸ್ತಕ ನಿಲ್ಲುತ್ತದೆ. ಮೊದಲ ವಾರ ತಾಳೆ ಆಗಲಿಲ್ಲ. ಕಾಲಂ ತುಂಬದೆಯೂ ಟಿಕೆಟ್ ಉಳಿಸಬಹುದಾಗಿದ್ದರಿಂದ ಅವಸರದಲ್ಲಿ ಹಲವು ಖಾಲಿ ಉಳಿದವು. ಅದನ್ನು ಕಡ್ಡಾಯ ಮಾಡಿಸಿದ ಮೇಲೆ ಸರಿಹೋಯಿತು. ಈಗ ಲಾಂಗ್ ಬುಕ್ ನಿರ್ವಹಣೆಯ ಭಾನುವಾರಗಳಿಗೆ ಮಾತ್ರ.

ಟಿಕೆಟ್ ವರ್ಗಗಳ ಬಗ್ಗೆ: 40ರಿಂದ 12ಕ್ಕೆ ಇಳಿಸುತ್ತೇವೆ, ಆ 12 ಯಾವುವು ಎಂದು ಫೋನ್ ತೆಗೆಯುವವರೇ ಕುಳಿತು ಆರಿಸಬೇಕು.

ಮೂರನೆಯದರಲ್ಲಿ ನನಗೆ ಬೇಕಾದ ಉತ್ತರ ಸಿಗಲಿಲ್ಲ. ಹಿರಿಯರನ್ನು ಬಿಟ್ಟು ಉಳಿದ ಎಂಟು ಜನರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ನಿದ್ದೆ ಹೊಂದಿಕೊಳ್ಳುವಷ್ಟರಲ್ಲಿ ಮುಂದಿನ ಪಾಳಿ ಬಂದಿರುತ್ತದೆ. ತಿಂಗಳಿಗೊಮ್ಮೆ ಬದಲಾಗಲಿ ಎಂದು ನಾನೂ ಸೇರಿ ನಾಲ್ವರು ಹೇಳಿದ್ದೆವು. ಮೂವರು ಈಗಿನಂತೆಯೇ ಇರಲಿ ಎಂದಿದ್ದರು. ಒಬ್ಬರು ಹೇಗಾದರೂ ಸರಿ ಎಂದಿದ್ದರು. ಮೇಡಂ ಬೇಡ ಎಂದರು. ತಿಂಗಳಿಗೊಮ್ಮೆ ಎಂದರೆ ಪ್ರತಿಯೊಬ್ಬರಿಗೂ ಒಂದು ಸಲ ಇಡೀ ತಿಂಗಳು ರಾತ್ರಿ ಬರುತ್ತದೆ. ಬೇಡ ಎಂದ ಮೂವರಲ್ಲಿ ಇಬ್ಬರಿಗೆ ಪುಟ್ಟ ಮಕ್ಕಳಿವೆ. ಒಂದು ವಾರವಾದರೆ ಮನೆಯಲ್ಲಿ ಹೇಗೋ ಹೊಂದಿಸಬಹುದು, ಒಂದು ತಿಂಗಳು ಆಗದು. ಅವರು ಕೆಲಸ ಬಿಟ್ಟರೆ ಉಳಿದ ಆರು ಜನರಿಗೆ ರಾತ್ರಿ ಪಾಳಿ ಇನ್ನೂ ಬೇಗ ಬೇಗ ಸುತ್ತಿ ಬರುತ್ತದೆ. ಇಬ್ಬರು ಪರಸ್ಪರ ಒಪ್ಪಿ ಗುರುವಾರದೊಳಗೆ ತಿಳಿಸಿದರೆ ಮುಂದಿನ ವಾರದ ಪಾಳಿಯನ್ನು ಅದಲುಬದಲು ಮಾಡಿಕೊಳ್ಳಬಹುದು, ಮೂರು ತಿಂಗಳ ನಂತರ ಇದನ್ನು ಮತ್ತೆ ನೋಡೋಣ ಎಂದರು.

ನನ್ನ ನಿದ್ದೆಯ ಸಮಸ್ಯೆ ಬಗೆಹರಿದಿಲ್ಲ. ಆದರೆ ‘ಇಲ್ಲ’ ಎಂದಿದ್ದು ಯಾಕೆಂದು ನನಗೆ ಗೊತ್ತು, ಅದು ಯಾವಾಗ ಮತ್ತೆ ಚರ್ಚೆಗೆ ಬರುತ್ತದೆ ಎನ್ನುವುದೂ ಗೊತ್ತು. ‘ನೋಡೋಣ’ ಎಂದು ತೇಲಿಸಿಬಿಟ್ಟಿದ್ದರೆ ನಾನು ಪ್ರತಿ ತಿಂಗಳೂ ಆಸೆಯಿಂದ ಪಾಳಿ ಪಟ್ಟಿ ತೆರೆಯುತ್ತಿದ್ದೆ.

ನಿಮ್ಮ ಸರದಿ ಬಂದಾಗ

ನೀವು ಕೆಲಸಕ್ಕೆ ಸೇರಿದ ಮೇಲೆ ಇಂಥ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಎಲ್ಲ ಮ್ಯಾನೇಜರ್‌ಗಳೂ ಇಷ್ಟು ಸಿದ್ಧತೆ ಮಾಡಿಕೊಂಡು ಬರುವುದಿಲ್ಲ. ಮಾತಿನಲ್ಲಿ ತಾರೀಖು ಇಲ್ಲದಿದ್ದರೆ, ‘ಬದಲಾವಣೆಗಳ ಬಗ್ಗೆ ನಮಗೆ ಯಾವಾಗ ಹೇಳ್ತೀರಿ?’ ಎಂದು ಕೇಳಿ. ಇದು ಎದುರುತ್ತರವಲ್ಲ, ಹೊಸಬರು ಕೇಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಒಬ್ಬೊಬ್ಬರಾಗಿ ಕೂರುವ ಅರ್ಧ ಗಂಟೆಗೆ ಬರಿಗೈಲಿ ಹೋಗಬೇಡಿ. ‘ಕೆಲಸ ಜಾಸ್ತಿ ಆಗ್ತಿದೆ’ ಎಂದರೆ ಅವರು ಅದನ್ನು ಬರೆದುಕೊಳ್ಳಬಹುದು ಅಷ್ಟೇ, ಮುಂದೇನೂ ಮಾಡಲಾಗದು. ಯಾವ ಕೆಲಸ, ದಿನಕ್ಕೆ ಎಷ್ಟು ಸಲ, ಒಂದಕ್ಕೆ ಎಷ್ಟು ನಿಮಿಷ, ಕಳೆದ ವಾರ ಅದರಿಂದ ಏನಾಯಿತು ಎಂದು ಹೇಳಿದರೆ ಅವರು ಬಂದು ಪಕ್ಕದಲ್ಲಿ ಕುಳಿತು ನೋಡಬಹುದು. ಯಾರಿಗೂ ಗೊತ್ತಿರದ ನಿಮ್ಮ ಕೆಲಸವೊಂದಿದ್ದರೆ ಅದನ್ನು ಹೇಳಲು ಮರೆಯಬೇಡಿ. ಮುಂದಿನ ಬದಲಾವಣೆಯಲ್ಲಿ ಮೊದಲು ಹೋಗುವುದು ಅಂಥದ್ದೇ.

ಕೊನೆಯದಾಗಿ ನಮ್ಮ ಹಿರಿಯರ ಮಾತು. ಕಾಲಂ ಬಂದ ದಿನ ಅವರನ್ನು ಕೇಳಿದೆ, ‘ಎಂಟು ವರ್ಷದಿಂದ ನಿಮಗೆ ಇದು ಗೊತ್ತಿತ್ತಲ್ಲ ಅಣ್ಣ, ಯಾಕೆ ಯಾರಿಗೂ ಹೇಳಿರಲಿಲ್ಲ?’

ಅವರು ಹೆಡ್‌ಫೋನ್ ಸರಿಮಾಡಿಕೊಳ್ಳುತ್ತಾ ಹೇಳಿದರು, ‘ಪುಸ್ತಕ ಬಿಡಿ ಅಂತ ಹೇಳೋಕೆ ಎಲ್ಲರೂ ಬಂದಿದ್ರು ಕಣೋ. ಪುಸ್ತಕದಲ್ಲಿ ಏನು ಬರೀತೀರಿ ಅಂತ ಕೇಳಿದ್ದು ಇವರೊಬ್ಬರೇ.’